ಹಾವು ಕಡಿತ: ಆಸ್ಪತ್ರೆ ತಲುಪುವವರೆಗಿನ ಪ್ರಥಮ ಚಿಕಿತ್ಸೆ

ಹಾವು ಕಡಿತದ ಪ್ರಥಮ ಚಿಕಿತ್ಸೆ ಎಂದರೆ ಹಾವು ಕಚ್ಚಿದ ಕ್ಷಣದಿಂದ ಆಸ್ಪತ್ರೆಯಲ್ಲಿ ವೈದ್ಯರು ರೋಗಿಯನ್ನು ವಹಿಸಿಕೊಳ್ಳುವವರೆಗೆ, ವಿಷ ಮೈಯಲ್ಲಿ ಹರಡುವುದನ್ನು ನಿಧಾನಗೊಳಿಸಲು, ಉಸಿರಾಟವನ್ನು ಉಳಿಸಿಕೊಳ್ಳಲು ಮತ್ತು ಪ್ರಯಾಣದ ಹೊತ್ತನ್ನು ತಗ್ಗಿಸಲು ಜೊತೆಯಲ್ಲಿರುವವರು ಕೈಗೊಳ್ಳುವ ಕ್ರಮಗಳ ಒಟ್ಟು. ವಿಷವನ್ನು ನಿಷ್ಫಲಗೊಳಿಸುವ ಔಷಧ ಪ್ರತಿವಿಷ ಒಂದೇ ಆಗಿದ್ದು, ಅದನ್ನು ರಕ್ತನಾಳದ ಮೂಲಕ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಲಾಗುತ್ತದೆ. ಆದ್ದರಿಂದ ಪ್ರಥಮ ಚಿಕಿತ್ಸೆಗೆ ವಿಷ ಇಳಿಸುವ ಶಕ್ತಿಯಿಲ್ಲ. ರೋಗಿಯನ್ನು ಪ್ರತಿವಿಷ ಇರುವ ಕಡೆಗೆ ಜೀವಂತವಾಗಿ, ಹೊಸ ಗಾಯಗಳಿಲ್ಲದೆ ತಲುಪಿಸುವುದೇ ಅದರ ಕೆಲಸ. ಈ ಲೇಖನದಲ್ಲಿ ಭಾರತದ, ಅದರಲ್ಲೂ ಕರ್ನಾಟಕದ ಗ್ರಾಮೀಣ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಅವಧಿಯ ಕ್ರಮಗಳನ್ನು ವಿವರಿಸಲಾಗಿದೆ.

ಹಿನ್ನೆಲೆ

ಭಾರತದಲ್ಲಿ 2000ದಿಂದ 2019ರವರೆಗಿನ ಅವಧಿಯಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58 ಸಾವಿರದಷ್ಟು ಮಂದಿ ಸತ್ತಿದ್ದಾರೆಂದು ರಾಷ್ಟ್ರವ್ಯಾಪಿ ಮರಣ ಸಮೀಕ್ಷೆಯೊಂದು ಅಂದಾಜಿಸಿದೆ. ಈ ಸಾವುಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲಿ ಆದವು. ಮಳೆಗಾಲದಲ್ಲಿ, ಬಿತ್ತನೆ ಮತ್ತು ಕಳೆ ಕೀಳುವ ಕೆಲಸ ನಡೆಯುವ ತಿಂಗಳುಗಳಲ್ಲಿ ಇವುಗಳ ಸಂಖ್ಯೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಇಂದು ಹಾನಿಕರವೆಂದು ಬಿಟ್ಟಿರುವ ಕೆಲವು ಕ್ರಮಗಳು ಒಂದು ಕಾಲಕ್ಕೆ ವೈದ್ಯರೇ ಬೋಧಿಸಿದಂಥವು ಎಂಬುದನ್ನು ಇಲ್ಲಿ ಹೇಳಲೇಬೇಕು. 1904ರಲ್ಲಿ ಲಾಡರ್ ಬ್ರಂಟನ್, ಜೋಸೆಫ್ ಫೇರರ್ ಮತ್ತು ಲಿಯೊನಾರ್ಡ್ ರೋಜರ್ಸ್ ಎಂಬ ಬ್ರಿಟಿಷ್ ವೈದ್ಯರು, ಕಡಿತದ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟಿ, ಗಾಯವನ್ನು ಚಿಕ್ಕ ಅಲಗಿನಿಂದ ಸೀಳಿ, ಪೊಟ್ಯಾಸಿಯಮ್ ಪರ್ಮಾಂಗನೇಟಿನ ಹರಳುಗಳನ್ನು ತಿಕ್ಕುವ ವಿಧಾನವನ್ನು ಪ್ರಕಟಿಸಿದರು. ಒಂದು ತುದಿಯಲ್ಲಿ ಅಲಗು, ಇನ್ನೊಂದು ತುದಿಯಲ್ಲಿ ಹರಳು ತುಂಬಿದ ಮರದ ಕೊಳವೆಗಳು ಭಾರತದಲ್ಲಿ ಬಳಕೆಗೆ ಬಂದವು. ಚರ್ಮದ ಕೆಳಗೆ ಆಗಲೇ ಹರಡಿಕೊಂಡ ವಿಷವನ್ನು ಆ ಹರಳುಗಳು ತಲುಪುವುದಿಲ್ಲವೆಂದೂ ಅವು ಜೀವಂತ ಮಾಂಸವನ್ನು ಸುಡುತ್ತವೆಂದೂ ತಿಳಿದಮೇಲೆ ಆ ಪದ್ಧತಿಯನ್ನು ವೈದ್ಯಶಾಸ್ತ್ರ ಕೈಬಿಟ್ಟಿತಾದರೂ, ಕಟ್ಟುವುದು ಮತ್ತು ಕುಯ್ಯುವುದು ಎಂಬ ಅದರ ಎರಡು ಅಂಗಗಳು ಜನರ ರೂಢಿಯಲ್ಲಿ ಗಟ್ಟಿಯಾಗಿ ಉಳಿದಿವೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ವಿಷ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಪ್ರತಿವಿಷ ತಯಾರಿಸಿದ್ದರು. ಭಾರತದಲ್ಲಿ ಈಗ ಬಳಸುವ ಪ್ರತಿವಿಷವೂ ಮೂಲತಃ ಇದೇ ತತ್ತ್ವದ ಮೇಲೆ ತಯಾರಾಗುತ್ತದೆ.

ವಿಷ ಹರಡುವ ಬಗೆ

ಪ್ರಥಮ ಚಿಕಿತ್ಸೆಯ ನಿಯಮಗಳಿಗೆಲ್ಲ ವಿಷ ಮೈಯಲ್ಲಿ ಸಾಗುವ ದಾರಿಯೇ ಆಧಾರ. ವಿಷದ ಹಲ್ಲು ಚರ್ಮವನ್ನು ತೂರಿ ಅದರ ಕೆಳಗಿನ ಪದರದಲ್ಲಿ, ಕೆಲವೊಮ್ಮೆ ಸ್ನಾಯುವಿನಲ್ಲಿ ವಿಷವನ್ನು ಬಿಡುತ್ತದೆ. ವಿಷದ ಚಿಕ್ಕ ಅಣುಗಳು ನೇರವಾಗಿ ಸೂಕ್ಷ್ಮ ರಕ್ತನಾಳಗಳನ್ನು ಸೇರಬಲ್ಲವು. ದೊಡ್ಡ ಅಣುಗಳು ಬಹುಪಾಲು ದುಗ್ಧನಾಳಗಳ, ಅಂದರೆ ಅಂಗಾಂಶಗಳ ನಡುವೆ ಉಳಿದ ದ್ರವವನ್ನು ರಕ್ತಕ್ಕೆ ಮರಳಿಸುವ ತೆಳುಗೊಳವೆಗಳ ಮೂಲಕ ಸಾಗುತ್ತವೆ. ದುಗ್ಧನಾಳಗಳಿಗೆ ಹೃದಯದಂಥ ಪಂಪು ಇಲ್ಲ. ಸುತ್ತಲಿನ ಸ್ನಾಯುಗಳು ಹಿಗ್ಗಿ ಕುಗ್ಗಿದಾಗ ಆಗುವ ಒತ್ತುವಿಕೆಯೇ ಅವುಗಳೊಳಗಿನ ದ್ರವವನ್ನು ಮುಂದಕ್ಕೆ ತಳ್ಳುವ ಮುಖ್ಯ ಬಲ. ಕಾಲಿಗೆ ಹಾವು ಕಚ್ಚಿದವನು ಗಾಬರಿಯಿಂದ ಊರ ಕಡೆ ಓಡಿದರೆ ಮೀನಖಂಡದ ಸ್ನಾಯುಗಳು ಹೆಜ್ಜೆ ಹೆಜ್ಜೆಗೂ ವಿಷವನ್ನು ಮೇಲಕ್ಕೊತ್ತುತ್ತವೆ. ಅದೇ ಕಾಲನ್ನು ಅಲುಗದಂತೆ ಇಟ್ಟರೆ ಈ ತಳ್ಳುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಬಳ್ಳಿಯಿಂದಾಗಲಿ ಹಗ್ಗದಿಂದಾಗಲಿ ಬಿಗಿಯದೆಯೇ ವಿಷದ ಹರಿವು ತಗ್ಗುವುದು ಈ ಕಾರಣದಿಂದ.

ಕಚ್ಚಿದ ಪ್ರತಿ ಹಾವೂ ವಿಷ ಬಿಡುವುದಿಲ್ಲ. ವಿಷದ ಹಾವು ಕಚ್ಚಿಯೂ ವಿಷವನ್ನು ಬಿಡದಿರುವುದನ್ನು ಒಣಕಡಿತ ಎನ್ನುತ್ತಾರೆ. ಇದರ ಜೊತೆಗೆ ಕೇರೆ, ನೀರೊಳ್ಳೆ, ತೋಳದ ಹಾವು ಮೊದಲಾದ ವಿಷವಿಲ್ಲದ ಹಾವುಗಳ ಕಡಿತಗಳೂ ಬಹಳ. ಮಂತ್ರ, ನಾಟಿ ಔಷಧಿ, ವಿಷಕಲ್ಲು ಇವುಗಳಿಂದ ಗುಣವಾಯಿತೆಂದು ಹೇಳುವ ಪ್ರಸಂಗಗಳಲ್ಲಿ ಬಹುಪಾಲು ಈ ಎರಡು ಬಗೆಯ ಕಡಿತಗಳೇ ಆಗಿರುತ್ತವೆ. ಆದರೆ ಕಡಿತ ಒಣದೋ ಅಲ್ಲವೋ ಎಂಬುದು ಮೊದಲ ಗಂಟೆಯಲ್ಲಿ ಹೊರನೋಟಕ್ಕೆ ತಿಳಿಯದು. ಅದಕ್ಕಾಗಿಯೇ ಲಕ್ಷಣಗಳಿಲ್ಲದ ರೋಗಿಯನ್ನೂ ಆಸ್ಪತ್ರೆಯಲ್ಲಿ 24 ಗಂಟೆ ನಿಗಾದಲ್ಲಿಡುತ್ತಾರೆ.

ಹಾವುಗಳು ಮತ್ತು ಲಕ್ಷಣಗಳು

ಭಾರತದಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣವಾಗುವ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಎದುರಾಗಿ ಇಲ್ಲಿನ ಪ್ರತಿವಿಷ ತಯಾರಾಗುತ್ತದೆ. ಮಲೆನಾಡಿನ ಗುಳಿಮಂಡಲಗಳೂ ಕಾಳಿಂಗ ಸರ್ಪವೂ ಈ ನಾಲ್ಕರಲ್ಲಿ ಸೇರಿಲ್ಲ. ಕಾಫಿ ತೋಟಗಳಲ್ಲಿ ಸಿಗುವ ಗಿಡ್ಡ ಗುಳಿಮಂಡಲದ ಕಡಿತಕ್ಕೆ ಈ ಪ್ರತಿವಿಷ ಫಲಕಾರಿಯಲ್ಲವಾದರೂ, ಅದು ರಕ್ತಸ್ರಾವ ಮತ್ತು ಮೂತ್ರಪಿಂಡದ ಹಾನಿಯನ್ನು ಉಂಟುಮಾಡಬಲ್ಲದ್ದರಿಂದ ಅಂಥ ರೋಗಿಗೂ ಆಸ್ಪತ್ರೆಯ ಆರೈಕೆ ಬೇಕು.

ಪ್ರಯಾಣದ ದೃಷ್ಟಿಯಿಂದ ವಿಷಗಳನ್ನು ಎರಡಾಗಿ ವಿಂಗಡಿಸಿಕೊಂಡರೆ ಸಾಕು. ನಾಗರಹಾವು ಮತ್ತು ಕಟ್ಟುಹಾವಿನದು ಮುಖ್ಯವಾಗಿ ನರವಿಷ. ಅದು ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಮೊದಲು ಕಣ್ಣಿನ ರೆಪ್ಪೆಗಳು ಜೋಲುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗದೆ ಬಾಯಿಯಲ್ಲಿ ತುಂಬಿಕೊಳ್ಳುತ್ತದೆ, ಕುತ್ತಿಗೆ ನಿಲ್ಲದೆ ತಲೆ ಮುಂದಕ್ಕೆ ಬಾಗುತ್ತದೆ, ಕೊನೆಗೆ ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ. ನಾಗರಹಾವು ಕಚ್ಚಿದ ಜಾಗದಲ್ಲಿ ಸಾಮಾನ್ಯವಾಗಿ ನೋವು, ಊತ ಇರುತ್ತವೆ. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಊತವಾಗಲಿ ಇಲ್ಲದಿರಬಹುದು. ಹಲ್ಲಿನ ಗುರುತೂ ಕಣ್ಣಿಗೆ ಬೀಳದಿರಬಹುದು.

ಕೊಳಕುಮಂಡಲ ಮತ್ತು ಗರಗಸ ಮಂಡಲದ್ದು ಮುಖ್ಯವಾಗಿ ರಕ್ತವಿಷ. ಅದು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಕಚ್ಚಿದ ಜಾಗದಲ್ಲಿ ಉರಿನೋವು, ಬೇಗ ಮೇಲೇರುವ ಊತ, ಬೊಕ್ಕೆಗಳು, ಗಾಯದಿಂದ ನಿಲ್ಲದ ರಕ್ತ, ವಸಡಿನಲ್ಲಿ ರಕ್ತ, ಕೆಂಪು ಮೂತ್ರ ಇವು ಅದರ ಚಿಹ್ನೆಗಳು. ಕೊಳಕುಮಂಡಲದ ವಿಷ ಇದರ ಜೊತೆಗೆ ರಕ್ತದೊತ್ತಡವನ್ನು ಕುಸಿಸಿ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ರಕ್ತವಿಷ ಏರಿದವನಿಗೆ ಗಾಯ ಕುಯ್ದರೆ ಆ ರಕ್ತ ನಿಲ್ಲುವುದು ಕಷ್ಟ. ನರವಿಷ ಏರಿದವನಿಗೆ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹಾವು ಯಾವುದೆಂದು ತಿಳಿಯದಿದ್ದಾಗ ಎರಡು ಎಚ್ಚರಿಕೆಗಳನ್ನೂ ಒಟ್ಟಿಗೆ ಪಾಲಿಸಬೇಕಾಗುತ್ತದೆ.

ಹೊರಡುವ ಮುನ್ನ

ಮೊದಲು ರೋಗಿಯನ್ನೂ ಉಳಿದವರನ್ನೂ ಹಾವಿನಿಂದ ದೂರ ಸರಿಸಬೇಕು. ಹಾವನ್ನು ಹುಡುಕುವುದಾಗಲಿ ಹೊಡೆಯುವುದಾಗಲಿ ಹೊತ್ತು ಕಳೆಯುವ ಕೆಲಸ. ಅದರಿಂದ ಎರಡನೆಯವರಿಗೂ ಕಡಿತವಾದ ಉದಾಹರಣೆಗಳು ಬಹಳ ಇವೆ, ಮತ್ತು ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತಿನವರೆಗೆ ಕಚ್ಚಬಲ್ಲದು. ಹಾವು ಎದುರಿಗೇ ಇದ್ದು, ದೂರದಿಂದಲೇ ಮೊಬೈಲಿನಲ್ಲಿ ಚಿತ್ರ ತೆಗೆಯಲು ಸಾಧ್ಯವಾದರೆ ಅಷ್ಟು ಸಾಕು. ಹಾವು ಸಿಗದಿದ್ದರೆ ಚಿಕಿತ್ಸೆ ನಿಲ್ಲುವುದಿಲ್ಲ, ಏಕೆಂದರೆ ಭಾರತದ ಪ್ರತಿವಿಷ ನಾಲ್ಕೂ ಹಾವುಗಳಿಗೆ ಒಂದೇ ಆಗಿದ್ದು, ವೈದ್ಯರು ಲಕ್ಷಣಗಳನ್ನು ನೋಡಿ ಅದನ್ನು ಕೊಡುತ್ತಾರೆ.

ರೋಗಿಯನ್ನು ಇದ್ದಲ್ಲೇ ಕೂರಿಸಿ ಅಥವಾ ಮಲಗಿಸಿ, ಕಚ್ಚಿದ ಕೈ ಅಥವಾ ಕಾಲಿನಿಂದ ಉಂಗುರ, ಬಳೆ, ಕಾಲುಂಗುರ, ಗೆಜ್ಜೆ, ದಾರ, ಚಪ್ಪಲಿ, ಬಿಗಿಯಾದ ಬಟ್ಟೆ ಇವುಗಳನ್ನು ಊತ ಏರುವ ಮೊದಲೇ ತೆಗೆಯಬೇಕು. ಊದಿಕೊಂಡ ಬೆರಳಿನ ಉಂಗುರ ತಾನೇ ಒಂದು ಬಿಗಿಕಟ್ಟಾಗಿ ಬೆರಳಿಗೆ ರಕ್ತ ಹೋಗದಂತೆ ಮಾಡುತ್ತದೆ. ಗಾಯವನ್ನು ಉಜ್ಜಿ ತೊಳೆಯದೆ, ಏನನ್ನೂ ಹಚ್ಚದೆ ಹಾಗೆಯೇ ಬಿಡಬೇಕು.

ನಂತರದ ಕೆಲಸ ಅಂಗವನ್ನು ನಿಶ್ಚಲಗೊಳಿಸುವುದು. ಮೂಳೆ ಮುರಿದಾಗ ಮಾಡುವಂತೆ ಕಾಲಿನ ಪಕ್ಕಕ್ಕೆ ಬಿದಿರಿನ ದಬ್ಬೆ, ಕೋಲು, ಕೊಡೆ ಅಥವಾ ಸುತ್ತಿದ ದಪ್ಪ ಕಾಗದವನ್ನಿಟ್ಟು, ಟವೆಲ್ ಅಥವಾ ಪಂಚೆಯ ತುಂಡುಗಳಿಂದ ಮೊಣಕಾಲಿನ ಮೇಲೂ ಕೆಳಗೂ ಸಡಿಲವಾಗಿ ಕಟ್ಟಬೇಕು. ದಬ್ಬೆ ಉದ್ದವಾಗಿದ್ದು ಮೊಣಕಾಲು ಮತ್ತು ಪಾದದ ಗಂಟು ಎರಡೂ ಮಡಚದಂತಿರಬೇಕು. ಕಟ್ಟಿದ ಬಟ್ಟೆಯ ಕೆಳಗೆ ಒಂದು ಬೆರಳು ಸಲೀಸಾಗಿ ನುಗ್ಗಬೇಕು. ಕಾಲ್ಬೆರಳು ಬಣ್ಣಗೆಟ್ಟರೆ, ತಣ್ಣಗಾದರೆ ಅಥವಾ ಜುಮ್ಮೆಂದರೆ ಕಟ್ಟು ಬಿಗಿಯಾಗಿದೆ ಎಂದು ತಿಳಿದು ಸಡಿಲಿಸಬೇಕು. ಊತ ಏರಿದಂತೆ ಸಡಿಲವಾಗಿದ್ದ ಕಟ್ಟೂ ಬಿಗಿಯಾಗುವುದರಿಂದ ಪ್ರಯಾಣದಲ್ಲಿ ಆಗಾಗ ಇದನ್ನು ಮತ್ತೆ ನೋಡಬೇಕು. ಕೈಗೆ ಕಚ್ಚಿದ್ದರೆ ದಬ್ಬೆಯ ಜೊತೆಗೆ ಕುತ್ತಿಗೆಯಿಂದ ಜೋಲಿ ಹಾಕಿದರೆ ಸಾಕು.

ಆಸ್ಟ್ರೇಲಿಯಾದಲ್ಲಿ ಸ್ಟ್ರುವನ್ ಸದರ್ಲ್ಯಾಂಡ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಒತ್ತಡ-ನಿಶ್ಚಲತೆ ವಿಧಾನದಲ್ಲಿ, ಹಿಗ್ಗುವ ಅಗಲ ಬ್ಯಾಂಡೇಜನ್ನು ಇಡೀ ಅಂಗಕ್ಕೆ ಸುತ್ತಿ ದಬ್ಬೆ ಕಟ್ಟುತ್ತಾರೆ. ಊತ, ಕೊಳೆತ ಕಡಿಮೆಯಿರುವ ನರವಿಷದ ಹಾವುಗಳಿಗೆ ಅದು ಒಪ್ಪುವಂಥದ್ದು. ಮಂಡಲದ ಹಾವುಗಳ ಕಡಿತದಲ್ಲಿ ವಿಷವನ್ನು ಒಂದೇ ಕಡೆ ಒತ್ತಿ ಹಿಡಿದರೆ ಅಲ್ಲಿನ ಮಾಂಸದ ಹಾನಿ ಹೆಚ್ಚುವ ಸಾಧ್ಯತೆಯಿದೆ. ಸರಿಯಾದ ಒತ್ತಡದಲ್ಲಿ ಸುತ್ತಲು ತರಬೇತಿಯೂ ಬೇಕು. ಈ ಕಾರಣಗಳಿಂದ ಭಾರತದ ಮಾರ್ಗಸೂಚಿಗಳು ಜನಸಾಮಾನ್ಯರಿಗೆ ಸರಳ ನಿಶ್ಚಲತೆಯನ್ನಷ್ಟೇ ಹೇಳುತ್ತವೆ.

ವಾಹನ ಮತ್ತು ದಾರಿ

ಹೊಲದಿಂದ ರಸ್ತೆಯವರೆಗೆ ರೋಗಿಯನ್ನು ನಡೆಸದೆ ಮಂಚದ ಮೇಲೋ, ಕಂಬಳಿಯ ಜೋಲಿಯಲ್ಲೋ, ಹೆಗಲ ಮೇಲೋ ಹೊತ್ತು ತರಬೇಕು. ಒಬ್ಬ ದಬ್ಬೆ ಕಟ್ಟುವ ಹೊತ್ತಿಗೆ ಇನ್ನೊಬ್ಬ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಕಾರು, ಆಟೊ, ಗೂಡ್ಸ್ ಗಾಡಿ ಯಾವುದು ಸಿಕ್ಕರೆ ಅದರಲ್ಲಿ ಹೊರಟು, ಆಂಬುಲೆನ್ಸಿನವರೊಂದಿಗೆ ಫೋನಿನಲ್ಲಿ ಮಾತಾಡಿಕೊಂಡು ದಾರಿ ಮಧ್ಯೆ ಸಂಧಿಸಬಹುದು. ದಾರಿ ಸರಿಯಿಲ್ಲದ ಕಡೆ ಬೈಕೇ ಬೇಗದ ವಾಹನ. ಬೈಕಿನಲ್ಲಿ ಓಡಿಸುವವನ ಮತ್ತು ಹಿಂದೆ ಕೂರುವವನ ನಡುವೆ ರೋಗಿಯನ್ನು ಕೂರಿಸಿ, ಹಿಂದಿನವನು ಅವನನ್ನು ಬಲವಾಗಿ ಹಿಡಿದಿರಬೇಕು, ಏಕೆಂದರೆ ನರವಿಷ ಏರಿದವನ ಹಿಡಿತ ದಾರಿಯಲ್ಲಿ ಯಾವ ಗಳಿಗೆಯಲ್ಲಾದರೂ ಸಡಿಲಬಹುದು. ನೇಪಾಳದ ದಮಕ್ ಪ್ರದೇಶದಲ್ಲಿ ಸ್ವಯಂಸೇವಕರ ಬೈಕುಗಳಿಂದ ರೋಗಿಗಳನ್ನು ಸಾಗಿಸುವ ಏರ್ಪಾಡನ್ನೂ ಜನರಿಗೆ ತಿಳಿವಳಿಕೆಯನ್ನೂ ಒಟ್ಟಿಗೆ ತಂದಾಗ ಹಾವು ಕಡಿತದ ಸಾವಿನ ಪ್ರಮಾಣ ಗಣನೀಯವಾಗಿ ಇಳಿದುದನ್ನು ಅಧ್ಯಯನವೊಂದು ದಾಖಲಿಸಿದೆ. ಕಚ್ಚಿಸಿಕೊಂಡವನೇ ವಾಹನ ಓಡಿಸುವುದು ಮಾತ್ರ ಅಪಾಯಕರ. ಕಣ್ಣು ಮಂಜಾಗುವುದು, ರಕ್ತದೊತ್ತಡ ಕುಸಿಯುವುದು ಮುನ್ಸೂಚನೆಯಿಲ್ಲದೆ ಬರುತ್ತವೆ.

ಎಲ್ಲಿಗೆ ಹೋಗಬೇಕೆಂಬುದು ವಾಹನದಷ್ಟೇ ಮುಖ್ಯ. ಹತ್ತಿರದ ಆಸ್ಪತ್ರೆ ಎಂದರೆ ಪ್ರತಿವಿಷವೂ ಅದನ್ನು ಕೊಡಬಲ್ಲ ವೈದ್ಯರೂ ಇರುವ ಹತ್ತಿರದ ಆಸ್ಪತ್ರೆ. ಹೊರಟ ಮೇಲೆ ದಾರಿಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಫೋನ್ ಮಾಡಿ, ಪ್ರತಿವಿಷಕ್ಕೆ ಆಸ್ಪತ್ರೆಯವರು ಬಳಸುವ ಹೆಸರಿನಿಂದ "ಎಎಸ್‌ವಿ ಇದೆಯೇ, ಡಾಕ್ಟರು ಈಗ ಇದ್ದಾರೆಯೇ" ಎಂದು ಕೇಳಿದರೆ, ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು ಹೊತ್ತು ಕಳೆಯುವುದು ತಪ್ಪುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ ಇದ್ದರೆ ಮೊದಲ ಪ್ರಮಾಣವನ್ನು ಅಲ್ಲೇ ಆರಂಭಿಸಿ, ಕೃತಕ ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಕಳಿಸುವುದು, ನಗರದ ಆಸ್ಪತ್ರೆಯನ್ನು ಹುಡುಕಿಕೊಂಡು ನೇರವಾಗಿ ಹೋಗುವುದಕ್ಕಿಂತ ಲೇಸು.

ಗಾಡಿಯಲ್ಲಿ ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲನ್ನು ತುಸು ಮಡಚಿ, ಬಾಯಿ ಕೆಳಮುಖವಾಗುವಂತೆ ತಲೆಯನ್ನು ಹೊರಳಿಸಬೇಕು. ಇದನ್ನು ಚೇತರಿಕೆಯ ಭಂಗಿ ಎನ್ನುತ್ತಾರೆ. ವಾಂತಿಯಾದರೂ ಎಂಜಲು ತುಂಬಿದರೂ ಅದು ಹೊರಕ್ಕೆ ಹರಿದುಹೋಗುತ್ತದೆ. ಅಂಗಾತ ಮಲಗಿದ ರೋಗಿಯಲ್ಲಿ ಅದೇ ವಾಂತಿ ಶ್ವಾಸಕೋಶಕ್ಕೆ ಇಳಿದು, ವಿಷಕ್ಕಿಂತ ಮೊದಲೇ ಪ್ರಾಣ ತೆಗೆಯಬಹುದು. ಜೊತೆಗಿದ್ದವರು ಹದಿನೈದು ನಿಮಿಷಕ್ಕೊಮ್ಮೆ ಮೂರು ವಿಷಯಗಳನ್ನು ನೋಡಿ ಹೊತ್ತಿನ ಸಮೇತ ಬರೆದಿಟ್ಟರೆ ವೈದ್ಯರಿಗೆ ಬಹಳ ನೆರವಾಗುತ್ತದೆ: ರೆಪ್ಪೆ ಪೂರ್ತಿ ಮೇಲೇಳುತ್ತದೆಯೇ, ಒಂದೇ ಉಸಿರಿನಲ್ಲಿ ರೋಗಿ ಎಷ್ಟರವರೆಗೆ ಎಣಿಸಬಲ್ಲ, ಮತ್ತು ಊತದ ಅಂಚು ಎಲ್ಲಿಗೆ ಏರಿದೆ. ಊತದ ಅಂಚಿಗೆ ಬಾಲ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುವುದು ಸುಲಭದ ದಾರಿ. ಮೊದಲ ಬಾರಿ ಮೂವತ್ತರವರೆಗೆ ಎಣಿಸಿದವನು ಅರ್ಧ ಗಂಟೆಯ ನಂತರ ಹನ್ನೆರಡಕ್ಕೆ ನಿಂತರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದರ್ಥ.

ಉಸಿರು ನಿಂತರೆ ಅಥವಾ ಏದುಸಿರಿನಂತೆ ಅಪರೂಪಕ್ಕೊಮ್ಮೆ ಬಂದರೆ ರೋಗಿಯನ್ನು ಅಂಗಾತ ಮಲಗಿಸಿ, ಬಾಯಿ ಸ್ವಚ್ಛಗೊಳಿಸಿ, ಗಲ್ಲವನ್ನು ಮೇಲೆತ್ತಿ, ಮೂಗನ್ನು ಹಿಡಿದು ಐದಾರು ಸೆಕೆಂಡಿಗೊಮ್ಮೆ ಎದೆ ಏಳುವಷ್ಟು ಗಾಳಿಯನ್ನು ಬಾಯಿಯಿಂದ ಊದಬೇಕು. ಮಕ್ಕಳಿಗೆ ಇನ್ನೂ ಬೇಗ ಬೇಗ, ಚಿಕ್ಕ ಚಿಕ್ಕ ಉಸಿರು ಸಾಕು. ನಾಡಿಯೂ ಸಿಗದಿದ್ದರೆ ಎದೆ ಒತ್ತುವಿಕೆಯನ್ನೂ ಸೇರಿಸಬೇಕು. ನರವಿಷದಿಂದ ಪೂರ್ತಿ ಸೋತ ರೋಗಿಯ ಕಣ್ಣುಗುಡ್ಡೆ ಅಲುಗದೆ, ಪಾಪೆ ಹಿಗ್ಗಿ, ಕರೆದರೂ ಚಿವುಟಿದರೂ ಪ್ರತಿಕ್ರಿಯೆ ಬರದೆ ಸತ್ತಂತೆಯೇ ತೋರಬಹುದು. ಆದರೂ ಅವನಿಗೆ ಪ್ರಜ್ಞೆ ಇದ್ದು ಸುತ್ತಲಿನ ಮಾತುಗಳೆಲ್ಲ ಕೇಳುತ್ತಿರಬಹುದು. ಉಸಿರು ಕೊಡುತ್ತ ಹೋದರೆ ಇಂಥವರು ಕೆಲವು ದಿನ ಯಂತ್ರದ ನೆರವಿನಲ್ಲಿದ್ದು ಪೂರ್ತಿ ಗುಣವಾಗಬಲ್ಲರು. ಆದ್ದರಿಂದ ದಾರಿಯಲ್ಲಿ "ಹೋಗಿಬಿಟ್ಟ" ಎಂದು ತೀರ್ಮಾನಿಸಿ ಗಾಡಿಯನ್ನು ಹಿಂದಕ್ಕೆ ತಿರುಗಿಸಬಾರದು.

ಒಂದು ಮಾದರಿ ಪ್ರಸಂಗ

ಕಟ್ಟುಹಾವಿನ ಕಡಿತ ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದರಿಂದ ಅದರ ಸಾಮಾನ್ಯ ಗತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜುಲೈ ತಿಂಗಳ ರಾತ್ರಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದ ಯುವತಿಯೊಬ್ಬಳಿಗೆ ಎರಡು ಗಂಟೆಯ ಸುಮಾರಿಗೆ ಏನೋ ಚುಚ್ಚಿದಂತಾಗಿ ಎಚ್ಚರವಾಗುತ್ತದೆ. ಇರುವೆ ಇರಬಹುದೆಂದು ಮತ್ತೆ ಮಲಗುತ್ತಾಳೆ. ನಾಲ್ಕಕ್ಕೆ ಹೊಟ್ಟೆ ಹಿಂಡಿದಂಥ ನೋವು ಮತ್ತು ವಾಂತಿ ಆರಂಭವಾಗುತ್ತವೆ. ಮನೆಯವರು ಇದನ್ನು ಅಜೀರ್ಣವೆಂದು ಭಾವಿಸಿ ಓಮದ ಕಷಾಯ ಕೊಡುವುದು ಇಲ್ಲಿ ನಡೆಯುವ ಮೊದಲ ತಪ್ಪು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ನಸುಕಿನಲ್ಲಿ ಕಾರಣವಿಲ್ಲದ ಹೊಟ್ಟೆನೋವು ಬಂದರೆ, ಗಾಯ ಕಾಣದಿದ್ದರೂ, ಕಟ್ಟುಹಾವನ್ನು ಶಂಕಿಸಬೇಕು.

ಐದಕ್ಕೆ ರೆಪ್ಪೆಗಳು ಭಾರವಾಗುತ್ತವೆ. ಇದನ್ನು ನಿದ್ದೆಯ ಮಂಪರು ಎಂದು ತಿಳಿಯುವುದು ಎರಡನೆಯ ತಪ್ಪು. ಹಣೆಯನ್ನು ಸುಕ್ಕಾಗಿಸಿ ಮೇಲೆ ನೋಡಲು ಹೇಳಿದರೂ ರೆಪ್ಪೆ ಏಳದಿದ್ದರೆ ಅದು ನಿದ್ದೆಯಲ್ಲ. ಈ ಹಂತದಲ್ಲಿ ಬಾಯಿಗೆ ಏನನ್ನೂ ಕೊಡದೆ, ಎಡ ಮಗ್ಗುಲಿಗೆ ಮಲಗಿಸಿ ಹೊರಟು, ಮೂವತ್ತು ಕಿಲೋಮೀಟರು ದೂರದ ತಾಲ್ಲೂಕು ಆಸ್ಪತ್ರೆಗೆ ಮೊದಲೇ ತಿಳಿಸಿದರೆ, ಆರರ ಹೊತ್ತಿಗೆ ಪ್ರತಿವಿಷ ಆರಂಭವಾಗಬಹುದು. ಬೆಳಗಾಗಲೆಂದು, ಅಥವಾ ಪಕ್ಕದೂರಿನ ವಿಷ ತೆಗೆಯುವವರು ಬರಲೆಂದು ಏಳೂವರೆಯವರೆಗೆ ಕಾದರೆ ಉಸಿರಾಟ ದಾರಿಯಲ್ಲೇ ಸೋಲುವ ಸಂಭವ ಹೆಚ್ಚು. ಕಟ್ಟುಹಾವಿನ ವಿಷದ ಒಂದು ಭಾಗ ನರದ ತುದಿಯನ್ನೇ ಹಾಳುಮಾಡುವುದರಿಂದ, ಅದು ಅಂಟಿಕೊಂಡ ಮೇಲೆ ಪ್ರತಿವಿಷ ಅದನ್ನು ಬಿಡಿಸಲಾರದು. ಇನ್ನೂ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನಷ್ಟೇ ಹಿಡಿಯಬಲ್ಲದು. ಆ ಒಂದೂವರೆ ಗಂಟೆಯ ಬೆಲೆ ಇಲ್ಲಿದೆ.

ಮಾಡಬಾರದ ಕೆಲಸಗಳು

ಬಿಗಿಕಟ್ಟು, ಅಂದರೆ ಕಡಿತದ ಮೇಲೆ ಹಗ್ಗ, ಬಳ್ಳಿ, ತಾಳಿಯ ದಾರ ಅಥವಾ ಬಟ್ಟೆಯಿಂದ ಬಿಗಿಯಾಗಿ ಕಟ್ಟುವುದು, ಇಂದಿಗೂ ಅತಿ ಸಾಮಾನ್ಯವಾದ ತಪ್ಪು. ಇದು ವಿಷವನ್ನು ಪೂರ್ತಿ ತಡೆಯುವುದಿಲ್ಲ, ಅಂಗಕ್ಕೆ ಹೋಗುವ ರಕ್ತವನ್ನು ಮಾತ್ರ ತಡೆಯುತ್ತದೆ. ಗಂಟೆಗಟ್ಟಲೆ ಹೀಗಿದ್ದರೆ ವಿಷವಿಲ್ಲದ ಹಾವು ಕಚ್ಚಿದ ಕಾಲೂ ಕೊಳೆತು ಕತ್ತರಿಸಬೇಕಾಗಿ ಬರುತ್ತದೆ. ಮಂಡಲದ ವಿಷ ಒಂದೇ ಕಡೆ ಮಡುಗಟ್ಟಿ ಅಲ್ಲಿನ ಮಾಂಸವನ್ನು ಇನ್ನಷ್ಟು ಕೊಲ್ಲುತ್ತದೆ. ಆಗಲೇ ಬಿಗಿಯಾಗಿ ಕಟ್ಟಿ ಕರೆತರುತ್ತಿರುವ ರೋಗಿಯ ವಿಷಯದಲ್ಲಿ ಬೇರೆಯೇ ಎಚ್ಚರಿಕೆ ಬೇಕು: ಹಳೆಯ ಬಿಗಿಕಟ್ಟನ್ನು ದಾರಿಯಲ್ಲಿ ಥಟ್ಟನೆ ಬಿಚ್ಚಿದರೆ ತಡೆದು ನಿಂತಿದ್ದ ವಿಷ ಒಮ್ಮೆಲೇ ನುಗ್ಗಿ ಉಸಿರಾಟ ನಿಲ್ಲಬಹುದು ಅಥವಾ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಅದನ್ನು ಬಿಚ್ಚುವ ಕೆಲಸವನ್ನು ವೈದ್ಯರಿಗೆ ಬಿಡಬೇಕು. ಅವರು ಪ್ರತಿವಿಷ ಆರಂಭಿಸಿ, ಉಸಿರಾಟಕ್ಕೆ ಬೇಕಾದುದನ್ನು ಸಿದ್ಧವಿಟ್ಟುಕೊಂಡು ಬಿಚ್ಚುತ್ತಾರೆ.

ಗಾಯವನ್ನು ಕುಯ್ಯುವುದು, ಸುಡುವುದು, ಬಾಯಿಯಿಂದ ಹೀರುವುದು, ಐಸ್ ಇಡುವುದು, ವಿದ್ಯುತ್ ಶಾಕ್ ಕೊಡುವುದು ಇವೆಲ್ಲ ಗಾಯವನ್ನು ದೊಡ್ಡದಾಗಿಸುವ ಕೆಲಸಗಳು. ಅಂಗಡಿಯಲ್ಲಿ ಸಿಗುವ ಹೀರುವ ಪಂಪುಗಳೂ ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಅಂಥ ಪಂಪು ಚರ್ಮದೊಳಗೆ ಸೇರಿಸಿದ ಕೃತಕ ವಿಷದಲ್ಲಿ ಸಾವಿರದಲ್ಲಿ ಒಂದು ಪಾಲನ್ನೂ ಹೊರತೆಗೆಯಲಿಲ್ಲ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಕೊಟ್ಟರೆ ರಕ್ತಸ್ರಾವ ಹೆಚ್ಚುತ್ತದೆ. ನುಂಗಲು ತೊಂದರೆಯಿಲ್ಲದ ರೋಗಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಸಾರಾಯಿ ಕುಡಿಸುವುದು ಲಕ್ಷಣಗಳನ್ನು ಮರೆಮಾಚಿ ವಾಂತಿಯನ್ನು ಹೆಚ್ಚಿಸುತ್ತದೆ.

ಪ್ರಚಲಿತ ನಂಬಿಕೆಗಳು

ಹಾವು ಕಚ್ಚಿದವನಿಗೆ ಮೆಣಸಿನಕಾಯಿ ಅಥವಾ ಬೇವಿನ ಎಲೆ ತಿನ್ನಿಸಿ, ಖಾರವೋ ಕಹಿಯೋ ಗೊತ್ತಾಗದಿದ್ದರೆ ವಿಷ ಏರಿದೆ ಎಂದು ನಿರ್ಣಯಿಸುವ ರೂಢಿ ಹಲವು ಕಡೆ ಇದೆ. ಹಾವಿನ ವಿಷಕ್ಕೂ ನಾಲಗೆಯ ರುಚಿಗೂ ಅಂಥ ಸಂಬಂಧವಿಲ್ಲ. ಖಾರ ಗೊತ್ತಾಯಿತೆಂದು ನೆಮ್ಮದಿಯಿಂದ ಮನೆಯಲ್ಲೇ ಉಳಿದವರು ಕೆಲವೇ ಗಂಟೆಗಳಲ್ಲಿ ಉಸಿರಾಟ ಸೋತು ಸಾಯುವ ಅಪಾಯವಿದೆ. ನುಂಗಲಾಗದವರಿಗೆ ಇದೇ ತುತ್ತು ಶ್ವಾಸನಾಳಕ್ಕೆ ಇಳಿಯುತ್ತದೆ.

ಎರಡು ಹಲ್ಲಿನ ಗುರುತಿದ್ದರೆ ಮಾತ್ರ ವಿಷದ ಹಾವು ಎಂಬ ನಂಬಿಕೆಯೂ ಸರಿಯಲ್ಲ. ಒಂದು ಹಲ್ಲು ಮುರಿದಿರಬಹುದು, ಪಕ್ಕಕ್ಕೆ ತಾಗಿ ಗೀರು ಮಾತ್ರ ಮೂಡಿರಬಹುದು, ಎರಡು ಸಲ ಕಚ್ಚಿ ನಾಲ್ಕು ಗುರುತಾಗಿರಬಹುದು. ಕಟ್ಟುಹಾವಿನ ಸಣ್ಣ ಹಲ್ಲುಗಳ ಗುರುತು ಕಾಣದೆಯೂ ಇರಬಹುದು.

ವಿಷಕಲ್ಲು ಎಂದು ಮಾರುವ ಕಪ್ಪು ತುಂಡು ಬಹುಪಾಲು ಸುಟ್ಟ ಮೂಳೆಯಿಂದ ಮಾಡಿದ್ದು. ಅದರಲ್ಲಿನ ಸೂಕ್ಷ್ಮ ರಂಧ್ರಗಳು ತೇವವನ್ನು ಹೀರುವುದರಿಂದ ಹಸಿ ಗಾಯಕ್ಕೆ ಅಂಟಿಕೊಂಡು, ತುಂಬಿದ ಮೇಲೆ ಉದುರುತ್ತದೆ. ಅದು ಹೀರುವುದು ಗಾಯದ ಮೇಲಿನ ರಕ್ತವನ್ನು. ಚರ್ಮದಾಳದ ವಿಷ ಅದರ ಅಳವಿಗೆ ಸಿಗುವುದಿಲ್ಲ. ಕೋಳಿಯ ಗುದದ್ವಾರವನ್ನು ಗಾಯಕ್ಕೆ ಒತ್ತಿಹಿಡಿದು, ಒಂದಾದ ಮೇಲೊಂದು ಕೋಳಿ ಸತ್ತರೆ ವಿಷ ಇಳಿಯಿತೆನ್ನುವ ಪದ್ಧತಿಯಲ್ಲಿ ಕೋಳಿಗಳು ಸಾಯುವುದು ಉಸಿರುಕಟ್ಟಿ ಹಿಡಿಯುವುದರಿಂದ.

ನಿದ್ದೆ ಮಾಡಲು ಬಿಟ್ಟರೆ ವಿಷ ತಲೆಗೇರುತ್ತದೆಂದು ರೋಗಿಯನ್ನು ಅಲುಗಾಡಿಸುತ್ತ, ನಡೆಸುತ್ತ ಎಚ್ಚರವಾಗಿಡುವವರಿದ್ದಾರೆ. ನಿದ್ದೆ ವಿಷವನ್ನು ಏರಿಸುವುದಿಲ್ಲ, ನಡೆಸುವುದು ಏರಿಸುತ್ತದೆ. ನಿಗಾ ಇಡಬೇಕಾದದ್ದು ಉಸಿರಾಟದ ಮೇಲೆ. ಮಂತ್ರ, ಹರಕೆ, ನಾಗಪೂಜೆಯಂಥ ಆಚರಣೆಗಳು ಬಹುಜನರ ಶ್ರದ್ಧೆಗೆ ಸೇರಿದವು. ಆ ಶ್ರದ್ಧೆಯನ್ನು ಹೀಗಳೆಯದೆ, ಹರಕೆಯನ್ನು ಗಾಡಿಯಲ್ಲೇ ಹೊತ್ತುಕೊಳ್ಳುವಂತೆ ಹಿರಿಯರಿಗೆ ಹೇಳಿ ಹೊರಡುವ ಆರೋಗ್ಯ ಕಾರ್ಯಕರ್ತರ ಮಾತು ಹೆಚ್ಚು ನಾಟುತ್ತದೆ. ವಿಷ ತೆಗೆಯುವವರೇ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕಳಿಸುವಂತೆ ಅವರೊಂದಿಗೆ ಮಾತುಕತೆ ನಡೆಸಿದ ಪ್ರಯತ್ನಗಳೂ ಇವೆ.

ಆಸ್ಪತ್ರೆಗೆ ತಲುಪಿಸಬೇಕಾದ ಮಾಹಿತಿ

ಕಚ್ಚಿದ ಗಂಟೆ, ಸ್ಥಳ, ರೋಗಿ ಆಗ ಮಾಡುತ್ತಿದ್ದ ಕೆಲಸ, ಮೊದಲ ಲಕ್ಷಣ ಕಂಡ ಹೊತ್ತು, ಕೊಟ್ಟ ಔಷಧಿ ಅಥವಾ ಸೊಪ್ಪಿನ ರಸ, ಕಟ್ಟಿದ ಕಟ್ಟು, ಹಿಂದೆ ಕುದುರೆಯಿಂದ ತಯಾರಾದ ಸೀರಂ ಪಡೆದದ್ದು, ರಕ್ತ ತೆಳುಮಾಡುವ ಮಾತ್ರೆ ಸೇವಿಸುತ್ತಿರುವುದು, ಗರ್ಭಿಣಿಯಾಗಿರುವುದು ಇವನ್ನು ಮುಚ್ಚಿಡದೆ ಹೇಳಬೇಕು. ಬೈಗುಳದ ಅಂಜಿಕೆಯಿಂದ ನಾಟಿ ಔಷಧಿಯ ವಿಷಯವನ್ನು ಅಡಗಿಸಿದರೆ, ಆ ರಸದಿಂದಾದ ವಾಂತಿಯನ್ನು ವಿಷದ ಲಕ್ಷಣವೆಂದು ವೈದ್ಯರು ತಪ್ಪು ತಿಳಿಯುವ ಅಪಾಯವಿರುತ್ತದೆ.

ಆಸ್ಪತ್ರೆಯಲ್ಲಿ ಮೊದಲು ಮಾಡುವ ಪರೀಕ್ಷೆ ಸರಳವಾದದ್ದು: ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರು ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದಾಗ, ಅದು ಹೆಪ್ಪುಗಟ್ಟದೆ ಹರಿದರೆ ರಕ್ತವಿಷ ಏರಿದೆ ಎಂದು ತಿಳಿಯುತ್ತಾರೆ. ವಿಷ ಏರಿದ ಲಕ್ಷಣ ಇದ್ದರೆ ಸಾಮಾನ್ಯವಾಗಿ 10 ಸೀಸೆ ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಕೊಡುತ್ತಾರೆ. ಹಾವು ಮಕ್ಕಳಿಗೆಂದು ಕಡಿಮೆ ವಿಷ ಬಿಡುವುದಿಲ್ಲವಾದ್ದರಿಂದ ಮಕ್ಕಳಿಗೂ ಅದೇ ಪ್ರಮಾಣ. ಕುದುರೆಯ ಪ್ರೋಟೀನಿನಿಂದ ಕೆಲವರಿಗೆ ತುರಿಕೆ, ನಡುಕ, ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಅದಕ್ಕೆ ಅಡ್ರಿನಲಿನ್ ಸಿದ್ಧವಿಟ್ಟುಕೊಂಡೇ ಆರಂಭಿಸುತ್ತಾರೆ. ಪ್ರತಿವಿಷವನ್ನು ಮನೆಯಲ್ಲಾಗಲಿ ಬೈಕಿನ ಮೇಲಾಗಲಿ ಚುಚ್ಚಲಾಗದಿರುವುದು ಈ ಕಾರಣಕ್ಕೆ.

ಸದ್ಯದ ಸ್ಥಿತಿ

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಇದರಿಂದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಪ್ರಕರಣಗಳನ್ನೂ ಸಾವುಗಳನ್ನೂ ವರದಿ ಮಾಡಬೇಕಾಗಿದೆ. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ, 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯುಳ್ಳ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತವಾಗಿ ಸಿಗುತ್ತದೆ.

ಪ್ರತಿವಿಷದ ತಯಾರಿಕೆಗೆ ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನ ವಡನೆಮ್ಮೇಲಿಯಲ್ಲಿ 1978ರಲ್ಲಿ ಆರಂಭವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತಿದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದರಿಂದ, ಒಂದು ಸೀಮೆಯ ವಿಷದಿಂದ ತಯಾರಾದ ಪ್ರತಿವಿಷ ಇನ್ನೊಂದು ಸೀಮೆಯಲ್ಲಿ ಅಷ್ಟೇ ಬಲವಾಗಿ ಕೆಲಸ ಮಾಡದಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಗಳು ತೋರಿಸಿವೆ. ಪ್ರಾದೇಶಿಕ ಪ್ರತಿವಿಷ, ಕುದುರೆಯ ನೆರವಿಲ್ಲದೆ ಪ್ರಯೋಗಾಲಯದಲ್ಲಿ ರೂಪಿಸುವ ಪ್ರತಿಕಾಯಗಳು, ಆಸ್ಪತ್ರೆ ತಲುಪುವ ಮೊದಲೇ ನುಂಗಬಹುದಾದ ವರೆಸ್ಪ್ಲಾಡಿಬ್ ಎಂಬ ಔಷಧ ಇವು ಪರೀಕ್ಷೆಯ ಹಂತಗಳಲ್ಲಿವೆ. ವರೆಸ್ಪ್ಲಾಡಿಬ್ ಅನೇಕ ಹಾವುಗಳ ವಿಷದಲ್ಲಿರುವ ಫಾಸ್ಫೊಲಿಪೇಸ್ ಎಂಬ ಕಿಣ್ವವನ್ನು ತಡೆಯುವ ಗುಣ ಹೊಂದಿದ್ದು, ಅದು ಬಳಕೆಗೆ ಒಪ್ಪಿಗೆ ಪಡೆದರೆ ಹಾವು ಕಡಿತದ ಪ್ರಯಾಣದ ಅವಧಿಯಲ್ಲಿ ಕೊಡಬಹುದಾದ, ವಿಷವನ್ನೇ ತಡೆಯುವ ಮೊದಲ ಔಷಧವಾಗಬಹುದು.